ನೆರಳು ಎತ್ತ ಬೀಳಬೇಕು? ಫ್ಲ್ಯಾಟ್ ಲೇ ಚಿತ್ರಕ್ಕೆ ಪ್ರಾಂಪ್ಟ್ ಬರೆಯುವ ಬಗೆ

ಆನ್‌ಲೈನ್‌ನಲ್ಲಿ ನೋಟ್‌ಬುಕ್ಕೋ ಪೆನ್ನೋ ಚಾರ್ಜಿಂಗ್ ಕೇಬಲ್ಲೋ ಹುಡುಕಿದರೆ ಒಂದು ಬಗೆಯ ಚಿತ್ರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಕ್ಯಾಮೆರಾ ನೇರ ಮೇಲಿನಿಂದ ಕೆಳಗೆ ನೋಡುತ್ತಿರುತ್ತದೆ. ಬಣ್ಣದ ಕಾಗದದ ಮೇಲೆ ಸಾಮಾನುಗಳು ಒಂದಕ್ಕೊಂದು ತಾಗದೆ, ಅಳತೆಯ ಅಂತರದಲ್ಲಿ ಮಲಗಿರುತ್ತವೆ. ಛಾಯಾಗ್ರಾಹಕರು ಇದನ್ನು ಫ್ಲ್ಯಾಟ್ ಲೇ ಎನ್ನುತ್ತಾರೆ. ಸ್ಟೇಷನರಿಗೂ ಗ್ಯಾಜೆಟ್‌ನ ಬಿಡಿಸಾಮಾನುಗಳಿಗೂ ಇದು ಹೇಳಿ ಮಾಡಿಸಿದ ಕೋನ. ಇವು ಬಹುಪಾಲು ಚಪ್ಪಟೆ ವಸ್ತುಗಳು. ರಟ್ಟಿನ ಬಣ್ಣ, ಪೆನ್ನಿನ ಉದ್ದ, ಪವರ್ ಬ್ಯಾಂಕಿನ ಆಕಾರ ಎಲ್ಲವೂ ಮೇಲಿನಿಂದಲೇ ಚೆನ್ನಾಗಿ ಕಾಣುತ್ತವೆ.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಪುಸ್ತಕ, ಸ್ಟೇಷನರಿ ಮಾರುವವರಿಗೆ, ಎಸ್.ಪಿ. ರಸ್ತೆಯಲ್ಲಿ ಕೇಬಲ್, ಚಾರ್ಜರ್ ಮಾರುವವರಿಗೆ, ಮನೆಯಲ್ಲೇ ಡೈರಿ ಹೊಲಿದು ಮಾರುವವರಿಗೆ ಪ್ರತಿ ಹೊಸ ಸರಕಿಗೂ ಸ್ಟುಡಿಯೊ ಬಾಡಿಗೆ ಕೊಡುವುದು ಹೊರೆ. ಹಾಗಾಗಿ ಬರೆದದ್ದನ್ನು ಚಿತ್ರವಾಗಿಸುವ ಎಐ ಉಪಕರಣಗಳತ್ತ ಕೈ ಚಾಚುವುದು ಸಹಜ. ಆದರೆ 'ಚಂದದ ಸ್ಟೇಷನರಿ ಫ್ಲ್ಯಾಟ್ ಲೇ' ಎಂದಷ್ಟೇ ಬರೆದರೆ ಬರುವ ಚಿತ್ರದಲ್ಲಿ ಕೇಳದ ಕಾಫಿ ಕಪ್ಪು ಬಂದು ಕೂರುತ್ತದೆ, ಒಂದು ಗಿಡ ಇಣುಕುತ್ತದೆ, ಪೆನ್ನಿನ ನೆರಳು ಒಂದು ಕಡೆಗೂ ನೋಟ್‌ಬುಕ್ಕಿನ ನೆರಳು ಇನ್ನೊಂದು ಕಡೆಗೂ ಬೀಳುತ್ತದೆ.

ನೆರಳು, ಜೊತೆ ಸಾಮಾನು, ನಡುವಿನ ಅಂತರ ಎಂಬ ಈ ಮೂರು ತೊಂದರೆಗಳ ಬೇರು ಒಂದೇ. ಮೇಲಿನಿಂದ ನೋಡಿದಾಗ ವಸ್ತುವಿನ ಎತ್ತರ ಮರೆಯಾಗುತ್ತದೆ, ಅದಕ್ಕೆ ಉಳಿಯುವ ದೊಡ್ಡ ಸಾಕ್ಷಿ ನೆರಳು. ನೆರಳು ಬೀಳಲು ಜಾಗ ಬೇಕು, ಆ ಜಾಗವೇ ವಸ್ತುಗಳ ನಡುವಿನ ಅಂತರ. ಆ ಅಂತರ ಖಾಲಿ ಇರಬೇಕೆಂದು ನಾವು ಹೇಳದಿದ್ದರೆ ಉಪಕರಣ ಅಲ್ಲಿ ಏನನ್ನಾದರೂ ತಂದಿಡುತ್ತದೆ. ಹೀಗಾಗಿ ಒಳ್ಳೆಯ ಫ್ಲ್ಯಾಟ್ ಲೇ ಪ್ರಾಂಪ್ಟ್ ಎಂದರೆ ಯಾವ ವಸ್ತು ಎಲ್ಲಿ, ಬೆಳಕು ಎತ್ತಣಿಂದ, ಖಾಲಿ ಜಾಗ ಎಷ್ಟು ಎಂದು ತಿಳಿಸುವ ಜೋಡಣೆಯ ನಕ್ಷೆ.

ಪದಗಳು ಚಿತ್ರವಾಗುವಾಗ

ಇಂಥ ಉಪಕರಣಗಳು ಕೋಟ್ಯಂತರ ಚಿತ್ರಗಳನ್ನೂ ಅವುಗಳ ಜೊತೆಗಿದ್ದ ವಿವರಣೆಗಳನ್ನೂ ನೋಡಿ ಕಲಿತಿವೆ. ಯಾವ ಪದದ ಜೊತೆ ಎಂಥ ನೋಟ ಹೆಚ್ಚಾಗಿ ಬಂದಿದೆ ಎಂಬುದೇ ಅವುಗಳ ತಿಳಿವಳಿಕೆ. 'ಮೇಜು' ಎಂಬ ಪದದ ಜೊತೆಗೆ ಲ್ಯಾಪ್‌ಟಾಪ್, ಗಿಡ, ಕಾಫಿ ಕಪ್ಪು ಇರುವ ಫೋಟೊಗಳನ್ನು ಅವು ಹೇರಳವಾಗಿ ಕಂಡಿವೆ. ಆದ್ದರಿಂದ `desk` ಎಂದು ಬರೆದರೆ ಆ ಬಳಗವೆಲ್ಲ ಹಿಂದೆಯೇ ಬರುತ್ತದೆ. ಅದೂ ಮೇಜಿನ ಮುಂದೆ ಕೂತವರು ನೋಡುವ ಓರೆ ಕೋನದಲ್ಲಿ.

ನಮಗೆ ನೆರವಾಗುವ ಪದಗಳೂ ಇವೆ. ಅವುಗಳಲ್ಲಿ `knolling` ಬಲು ಉಪಯುಕ್ತ. ವಾಸ್ತುಶಿಲ್ಪಿ ಫ್ರಾಂಕ್ ಗೆಹ್ರಿ ಅವರು ನಾಲ್ (Knoll) ಎಂಬ ಕಂಪನಿಗಾಗಿ ಕುರ್ಚಿಗಳನ್ನು ವಿನ್ಯಾಸ ಮಾಡುತ್ತಿದ್ದ ಕಾಲದಲ್ಲಿ, 1987ರಲ್ಲಿ, ಅವರ ಪೀಠೋಪಕರಣ ಕಾರ್ಯಾಗಾರದಲ್ಲಿ ಆಂಡ್ರೂ ಕ್ರೊಮೆಲೊ ಎಂಬವರು ಸ್ವಚ್ಛತೆಯ ಕೆಲಸದಲ್ಲಿದ್ದರು. ಚೆಲ್ಲಾಪಿಲ್ಲಿಯಾಗಿ ಬಿದ್ದ ಉಪಕರಣಗಳನ್ನು ಅವರು ಒಂದಕ್ಕೊಂದು ಸಮಾನಾಂತರವಾಗಿ, ಇಲ್ಲವೇ 90 ಡಿಗ್ರಿ ಕೋನದಲ್ಲಿ ಜೋಡಿಸಿಡುತ್ತಿದ್ದರು. ಯಾವುದು ಎಲ್ಲಿದೆ ಎಂದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಆ ಪದ್ಧತಿಗೆ ಬಂದ ಹೆಸರನ್ನು ಶಿಲ್ಪಿ ಟಾಮ್ ಸ್ಯಾಕ್ಸ್ ಮುಂದೆ ಜನಪ್ರಿಯಗೊಳಿಸಿದರು. ಆ ಹೆಸರಿನಡಿ ಬಂದ ಫೋಟೊಗಳಲ್ಲಿ ನೇರ ಸಾಲು, ಸಮ ಅಂತರ, ಮೇಲಿನ ನೋಟ ಈ ಮೂರೂ ಇರುತ್ತವೆ. ಹಾಗಾಗಿ ಆ ಒಂದು ಪದವೇ ಚಿತ್ರವನ್ನು ಸರಿದಾರಿಗೆ ಎಳೆಯುತ್ತದೆ.

ಪ್ರಾಂಪ್ಟನ್ನು ಕನ್ನಡದಲ್ಲಿ ಬರೆಯಬಹುದೇ? ಮಾತುಕತೆಯ ರೂಪದ ಉಪಕರಣಗಳು ಕನ್ನಡವನ್ನು ಅರ್ಥ ಮಾಡಿಕೊಳ್ಳುತ್ತವೆ. ಆದರೆ ಸ್ಟೇಬಲ್ ಡಿಫ್ಯೂಷನ್‌ನಂಥ ಮಾದರಿಗಳ ಪದ ಓದುವ ಭಾಗ ಹೆಚ್ಚಾಗಿ ಇಂಗ್ಲಿಷಿನಲ್ಲೇ ಪಳಗಿದೆ. ಅದರ ಹಳೆಯ ಆವೃತ್ತಿಗಳು ಒಂದು ಸಲಕ್ಕೆ 77 ಟೋಕನ್, ಅಂದರೆ 77 ಪದತುಣುಕುಗಳ ಆಚೆಗೆ ಓದುವುದೂ ಇಲ್ಲ. ಆದ್ದರಿಂದ ಇಲ್ಲಿನ ಮಾದರಿಗಳನ್ನು ಸರಳ ಇಂಗ್ಲಿಷಿನಲ್ಲೇ ಕೊಟ್ಟಿದ್ದೇನೆ, ಅರ್ಥವನ್ನು ಜೊತೆಯಲ್ಲೇ ಹೇಳುತ್ತೇನೆ.

ಮೊದಲು ಕಾಗದದ ಮೇಲೆ

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಒಬ್ಬ ವ್ಯಾಪಾರಿ ನಾಲ್ಕು ವಸ್ತುಗಳ ಒಂದು ಕಿಟ್ ಮಾರುತ್ತಾರೆ ಎಂದುಕೊಳ್ಳಿ: ಎ5 ಅಳತೆಯ ಗಟ್ಟಿ ರಟ್ಟಿನ ನೋಟ್‌ಬುಕ್, ಒಂದು ಜೆಲ್ ಪೆನ್ನು, ಒಂದು ಪವರ್ ಬ್ಯಾಂಕ್, ಸುರುಳಿ ಸುತ್ತಿದ ಒಂದು ಗಿಡ್ಡ ಚಾರ್ಜಿಂಗ್ ಕೇಬಲ್. ರಂಗೋಲಿಗೆ ಮೊದಲು ಚುಕ್ಕಿ ಇಡುವ ಹಾಗೆ, ಪ್ರಾಂಪ್ಟಿಗೆ ಮೊದಲು ಇವುಗಳ ಜಾಗವನ್ನು ಕಾಗದದ ಮೇಲೆ ಗುರುತು ಮಾಡಿಕೊಳ್ಳಬೇಕು.

ಎ5 ನೋಟ್‌ಬುಕ್ಕಿನ ಅಗಲ 14.8 ಸೆಂ.ಮೀ., ಉದ್ದ 21 ಸೆಂ.ಮೀ. ಅದನ್ನು ಎಡಕ್ಕೆ, ನೆಟ್ಟಗೆ ಇಡೋಣ. ಅದರ ಬಲಕ್ಕೆ 2.5 ಸೆಂ.ಮೀ. ಬಿಟ್ಟು ಉಳಿದ ಮೂರನ್ನು ಮೇಲಿಂದ ಕೆಳಕ್ಕೆ ಒಂದೇ ಕಂಬಸಾಲಿನಲ್ಲಿ ಇಡೋಣ. ಅಡ್ಡವಾಗಿ ಮಲಗಿಸಿದ ಪೆನ್ನು ಸುಮಾರು 14 ಸೆಂ.ಮೀ. ಉದ್ದ, 1 ಸೆಂ.ಮೀ. ದಪ್ಪ. ಅದರ ಕೆಳಗೆ 14 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲದ ಪವರ್ ಬ್ಯಾಂಕ್, ಅದೂ ಅಡ್ಡವಾಗಿ. ಎಲ್ಲಕ್ಕಿಂತ ಕೆಳಗೆ 8 ಸೆಂ.ಮೀ. ಅಡ್ಡಳತೆಯ ಕೇಬಲ್ ಸುರುಳಿ. ಇವುಗಳ ನಡುವೆಯೂ 2.5 ಸೆಂ.ಮೀ. ಬಿಟ್ಟರೆ ಕಂಬಸಾಲಿನ ಒಟ್ಟು ಎತ್ತರ 1, 7, 8 ಮತ್ತು ಎರಡು ಅಂತರಗಳ 5 ಸೇರಿ 21 ಸೆಂ.ಮೀ. ನೋಟ್‌ಬುಕ್ಕಿನ ಉದ್ದಕ್ಕೆ ಸರಿಸಮ. ಎಡದ ಅಂಚಿನಿಂದ ಬಲದ ಅಂಚಿನವರೆಗೆ ಜೋಡಣೆ 31.3 ಸೆಂ.ಮೀ. ಆಗುತ್ತದೆ.

ಸುತ್ತ 5 ಸೆಂ.ಮೀ. ಅಂಚು ಬಿಟ್ಟರೆ ಚೌಕಟ್ಟಿನ ಅಗಲ 41.3, ಎತ್ತರ 31 ಸೆಂ.ಮೀ. ಭಾಗಿಸಿದರೆ 1.33, ಅಂದರೆ 4:3 ಅನುಪಾತ. ಈ ಲೆಕ್ಕ ಹಾಕಿದ್ದರ ಪ್ರಯೋಜನ ಇಲ್ಲಿದೆ. ಇದೇ ಜೋಡಣೆಯನ್ನು ಯೋಚಿಸದೆ ಚೌಕಾಕಾರದ ಚಿತ್ರದಲ್ಲಿ ಕೇಳಿದ್ದರೆ ಮೇಲೆ ಕೆಳಗೆ ಸೇರಿ ಇನ್ನೂ 10 ಸೆಂ.ಮೀ. ಖಾಲಿ ಪಟ್ಟಿ ಉಳಿಯುತ್ತಿತ್ತು. ಖಾಲಿ ಜಾಗ ಕಂಡರೆ ಉಪಕರಣ ಕ್ಲಿಪ್ಪು, ಎಲೆ, ಎರಡನೆಯ ಪೆನ್ನು ತಂದು ತುಂಬುತ್ತದೆ. ಬೇಡದ ಸಾಮಾನು ಬರುವುದಕ್ಕೆ ಅನೇಕ ಸಲ ಚೌಕಟ್ಟಿನ ಆಕಾರವೇ ಕಾರಣ. ಚೌಕಾಕಾರವೇ ಬೇಕಿದ್ದರೆ ಜೋಡಣೆಯನ್ನು ಬದಲಿಸಿ, ಇಲ್ಲವೇ ಉಳಿದ ಪಟ್ಟಿ ಬರಹಕ್ಕೆಂದು ಖಾಲಿ ಇರಲಿ ಎಂದು ಸ್ಪಷ್ಟವಾಗಿ ಹೇಳಿ.

ಸೆಂಟಿಮೀಟರ್‌ಗಳನ್ನು ಪ್ರಾಂಪ್ಟಿನಲ್ಲಿ ಬರೆದರೆ ಪ್ರಯೋಜನ ಕಡಿಮೆ. ಉಪಕರಣದ ಕೈಯಲ್ಲಿ ಅಳತೆಪಟ್ಟಿ ಇಲ್ಲ. ಅದಕ್ಕೆ ತಿಳಿಯುವುದು ಸಂಬಂಧಗಳ ಭಾಷೆ: ಯಾವುದರ ಎಡಕ್ಕೆ ಯಾವುದು, ಸಮ ಅಂತರ, ಅಂಚುಗಳು ಸಮಾನಾಂತರ, ಯಾವುದೂ ತಾಗಿಲ್ಲ. ನಕ್ಷೆಯ ಅಳತೆಗಳು ನಮಗಾಗಿ, ಚೌಕಟ್ಟು ಆರಿಸಲು ಮತ್ತು ಬಂದ ಚಿತ್ರವನ್ನು ಒರೆಗೆ ಹಚ್ಚಲು. ವಸ್ತುಗಳ ಸಂಖ್ಯೆಯೂ ಮಿತಿಯಲ್ಲಿರಲಿ. ನಾಲ್ಕೈದು ವಸ್ತುಗಳನ್ನು ಹೆಸರಿಸಿ ಜಾಗ ಹೇಳಿದರೆ ಅವು ಹೆಚ್ಚಾಗಿ ಸರಿಯಾಗಿ ಬರುತ್ತವೆ. ಹನ್ನೆರಡು ಹೇಳಿದರೆ ಎಣಿಕೆ ತಪ್ಪುತ್ತದೆ, ಪೆನ್ನಿನ ಗುಣ ಪೆನ್ಸಿಲ್ಲಿಗೆ ಅಂಟಿಕೊಳ್ಳುತ್ತದೆ.

ಕ್ಯಾಮೆರಾ ಓರೆಯಾಗದಂತೆ

ಫ್ಲ್ಯಾಟ್ ಲೇ ಎಂದು ಬರೆದ ಮೇಲೂ ಕ್ಯಾಮೆರಾ ಓರೆಯಾಗುವುದುಂಟು. ಅದನ್ನು ಕಂಡುಹಿಡಿಯುವ ದಾರಿ ಸುಲಭ. ನೋಟ್‌ಬುಕ್ಕಿನ ಎಡ ಅಂಚು ಮತ್ತು ಬಲ ಅಂಚುಗಳ ಮೇಲೆ ಒಂದೊಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ಆ ಗೆರೆಗಳು ಮೇಲೆ ಹೋದಂತೆ ಹತ್ತಿರವಾಗುತ್ತಿದ್ದರೆ ಕ್ಯಾಮೆರಾ ವಾಲಿದೆ. ಸುರುಳಿ ವೃತ್ತವಾಗಿರದೆ ಮೊಟ್ಟೆಯಾಕಾರವಾಗಿದ್ದರೂ ಅದೇ ದೋಷ. ಲೋಟದ ಹೊರಮೈ ಕಂಡರಂತೂ ಅನುಮಾನವೇ ಬೇಡ.

ಪ್ರಾಂಪ್ಟಿನಲ್ಲಿ ಕ್ಯಾಮೆರಾವನ್ನು ವಾಲಿಸುವ ಪದಗಳೇ ಇದಕ್ಕೆ ಮುಖ್ಯ ಕಾರಣ. `cinematic` ಎಂದರೆ ಸಿನಿಮಾದ ದೃಶ್ಯದ ಕೋನ, `bokeh` ಎಂದರೆ ಹಿನ್ನೆಲೆ ಮಬ್ಬಾಗುವ ಫೋಟೊ. ಮೇಲಿನಿಂದ ತೆಗೆದ ಚಿತ್ರದಲ್ಲಿ ಎಲ್ಲ ವಸ್ತುಗಳೂ ಕ್ಯಾಮೆರಾದಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತವೆ, ಅಲ್ಲಿ ಮಬ್ಬಾಗಬೇಕಾದ ಹಿನ್ನೆಲೆಯೇ ಇಲ್ಲ. ಎರಡು ಸೂಚನೆಗಳೂ ಒಟ್ಟಿಗೆ ಬಂದರೆ ಉಪಕರಣ ನಡುವಿನ ದಾರಿ ಹಿಡಿದು ಕ್ಯಾಮೆರಾವನ್ನು ವಾಲಿಸುತ್ತದೆ. ಮೇಜಿನ ಬದಲು ಚೌಕಟ್ಟನ್ನು ಪೂರ್ತಿ ತುಂಬುವ ಒಂದು ಕಾಗದದ ಹಾಳೆಯನ್ನು ಹಿನ್ನೆಲೆಯಾಗಿ ಕೇಳಿ. ಮೇಜಿನ ಅಂಚು, ಗೋಡೆ, ಕಿಟಕಿ ಕಾಣುವ ಅವಕಾಶವೇ ತಪ್ಪುತ್ತದೆ.

ನಿಂತ ವಸ್ತುಗಳೂ ತೊಂದರೆ ಕೊಡುತ್ತವೆ. ಪೆನ್ ಸ್ಟ್ಯಾಂಡ್ ಅನ್ನು ನೇರ ಮೇಲಿನಿಂದ ನೋಡಿದರೆ ಒಂದು ಬಳೆ ಮತ್ತು ಪೆನ್ನುಗಳ ತುದಿಗಳಷ್ಟೇ ಕಾಣುತ್ತವೆ. ಅಂಥ ಫೋಟೊಗಳನ್ನು ಉಪಕರಣ ಅಷ್ಟಾಗಿ ನೋಡಿಲ್ಲ. ಆದ್ದರಿಂದ ಅದು ತನಗೆ ಪರಿಚಿತವಾದ ಪಕ್ಕದ ನೋಟವನ್ನೇ ಬಿಡಿಸುತ್ತದೆ, ಚಿತ್ರದಲ್ಲಿ ಎರಡು ಕೋನಗಳು ಬೆರೆಯುತ್ತವೆ. ಮಲಗಿಸಬಹುದಾದ ವಸ್ತುಗಳನ್ನೇ ಆರಿಸುವುದು ಒಳ್ಳೆಯದು.

ನೆರಳಿನ ಲೆಕ್ಕ

ಈಗ ನೆರಳು. ಬೆಳಕು ಎಷ್ಟು ಎತ್ತರದಿಂದ ಬೀಳುತ್ತದೆ ಎಂಬುದು ನೆರಳಿನ ಉದ್ದವನ್ನು ನಿರ್ಧರಿಸುತ್ತದೆ. ದೀಪ ಕಾಗದದ ಮಟ್ಟದಿಂದ 45 ಡಿಗ್ರಿ ಮೇಲಿದ್ದರೆ ನೆರಳಿನ ಉದ್ದ ವಸ್ತುವಿನ ಎತ್ತರದಷ್ಟೇ ಇರುತ್ತದೆ. ದೀಪ 60 ಡಿಗ್ರಿಗೆ ಏರಿದರೆ ನೆರಳು ಎತ್ತರದ ಅರ್ಧಕ್ಕಿಂತ ತುಸು ಹೆಚ್ಚು. ದೀಪ 20 ಡಿಗ್ರಿಗೆ ಇಳಿದರೆ ನೆರಳು ಎತ್ತರದ ಎರಡೂಮುಕ್ಕಾಲು ಪಟ್ಟು.

ಇದನ್ನು ನಮ್ಮ ಕಿಟ್‌ಗೆ ಅನ್ವಯಿಸಿ ನೋಡಿ. ನೋಟ್‌ಬುಕ್ಕಿನ ದಪ್ಪ 1.5 ಸೆಂ.ಮೀ. ಬೆಳಕು 45 ಡಿಗ್ರಿಯಿಂದ ಬಂದರೆ ಅದರ ನೆರಳೂ 1.5 ಸೆಂ.ಮೀ. ವಸ್ತುಗಳ ನಡುವೆ 2.5 ಸೆಂ.ಮೀ. ಇರುವುದರಿಂದ ನೆರಳು ಮುಗಿದು ಇನ್ನೂ 1 ಸೆಂ.ಮೀ. ಖಾಲಿ ಕಾಗದ ಕಾಣುತ್ತದೆ. ಅಚ್ಚುಕಟ್ಟು ಅನ್ನಿಸುವುದು ಆ ಉಳಿದ ಪಟ್ಟಿಯಿಂದ. ಅದೇ ಬೆಳಕು 20 ಡಿಗ್ರಿಗೆ ಇಳಿದರೆ ನೆರಳು ಸುಮಾರು 4 ಸೆಂ.ಮೀ. ಆಗಿ ಅಂತರವನ್ನು ದಾಟಿ ಪಕ್ಕದ ಪವರ್ ಬ್ಯಾಂಕಿನ ಮೇಲೆ ಹತ್ತಿಬಿಡುತ್ತದೆ. ಜೋಡಣೆ ಒಂದಿಷ್ಟೂ ಬದಲಾಗದಿದ್ದರೂ ಚಿತ್ರ ಇಕ್ಕಟ್ಟಾಗಿ ಕಾಣುತ್ತದೆ. `golden hour`, `dramatic shadows` ಎಂಬ ಪದಗಳು ಅಚ್ಚುಕಟ್ಟಾದ ಜೋಡಣೆಯನ್ನು ಕೆಡಿಸುವುದು ಹೀಗೆ, ಅವು ಸಂಜೆಯ ತಗ್ಗಿದ ಬಿಸಿಲನ್ನು ಕರೆತರುತ್ತವೆ. ಉದ್ದ ನೆರಳು ಬೇಕೇ ಬೇಕೆಂದಿದ್ದರೆ ಅಂತರವನ್ನೂ ಅದಕ್ಕೆ ತಕ್ಕಂತೆ ಹಿಗ್ಗಿಸಿ, ವಸ್ತುಗಳನ್ನು ಕಡಿಮೆ ಮಾಡಿ.

ನೆರಳಿನ ಅಂಚು ಚೂಪಾಗಿರಬೇಕೋ ಮೆದುವಾಗಿರಬೇಕೋ ಎಂಬುದು ಇನ್ನೊಂದು ಪ್ರಶ್ನೆ. ವಸ್ತುವಿಗೆ ಹೋಲಿಸಿದರೆ ಬೆಳಕಿನ ಮೂಲ ದೊಡ್ಡದಾಗಿ ಕಂಡಷ್ಟೂ ಅಂಚು ಮೆದುವಾಗುತ್ತದೆ. ಮೋಡ ಕವಿದ ಆಕಾಶ, ತೆಳು ಪರದೆ ಹಾಕಿದ ದೊಡ್ಡ ಕಿಟಕಿ, ಸ್ಟುಡಿಯೊದ ಸಾಫ್ಟ್‌ಬಾಕ್ಸ್ ಎಲ್ಲ ಈ ಜಾತಿಯವು. ನೆತ್ತಿಯ ಸೂರ್ಯ ಆಕಾಶದಲ್ಲಿ ಚಿಕ್ಕ ಬಿಂದು, ಆದ್ದರಿಂದ ಆ ನೆರಳಿನ ಅಂಚು ಕತ್ತರಿಸಿದಂತೆ ಇರುತ್ತದೆ. ಕಾಗದ, ಬಟ್ಟೆ, ಚರ್ಮದ ರಟ್ಟಿಗೆ ಮೆದು ನೆರಳು ಒಪ್ಪುತ್ತದೆ. ಲೋಹದ ಪೆನ್ನು, ಪಾರದರ್ಶಕ ಸ್ಕೇಲುಗಳಿಗೆ ಚೂಪು ನೆರಳು ಜೀವ ಕೊಡುತ್ತದೆ. ಎರಡರಲ್ಲಿ ಒಂದನ್ನು ಆರಿಸಿ, ಮೂಲವನ್ನು ಹೆಸರಿಸಿ ಬರೆಯಿರಿ. ಬರೀ `studio lighting` ಎಂದರೆ ಉಪಕರಣ ಹಲವು ದೀಪಗಳನ್ನು ಕಲ್ಪಿಸಿಕೊಳ್ಳಬಹುದು, ಆಗ ಒಂದೇ ವಸ್ತುವಿಗೆ ಎರಡು ದಿಕ್ಕಿನ ನೆರಳು ಬರುತ್ತದೆ.

ದಿಕ್ಕನ್ನು ಹೇಳುವಾಗ ಒಂದು ಎಚ್ಚರ ಬೇಕು. ಈ ಬಗೆಯ ಚಿತ್ರದಲ್ಲಿ 'ಮೇಲಿನಿಂದ ಬೆಳಕು' ಎಂದರೆ ಎರಡರ್ಥ. ಕ್ಯಾಮೆರಾ ಇರುವ ಕಡೆಯಿಂದ ಎಂದೂ ಆಗಬಹುದು, ಚಿತ್ರದ ಮೇಲಂಚಿನ ಕಡೆಯಿಂದ ಎಂದೂ ಆಗಬಹುದು. ಮೊದಲನೆಯ ಅರ್ಥ ಹಿಡಿದರೆ ನೆರಳು ವಸ್ತುವಿನ ಅಡಿಯಲ್ಲೇ ಅಡಗಿ, ಸಾಮಾನುಗಳು ಕಾಗದಕ್ಕೆ ಅಂಟಿಸಿದ ಸ್ಟಿಕರ್‌ಗಳಂತೆ ಕಾಣುತ್ತವೆ. ಅದಕ್ಕಾಗಿ ಚೌಕಟ್ಟಿನ ಮೂಲೆಯನ್ನು ಹೆಸರಿಸಿ: ಬೆಳಕು ಚೌಕಟ್ಟಿನ ಎಡ ಮೇಲ್ಮೂಲೆಯಿಂದ. ನೆರಳು ಬೀಳುವ ಕಡೆಯನ್ನೂ ಹೇಳಿ: ಪ್ರತಿ ವಸ್ತುವಿನ ಬಲ ಕೆಳಭಾಗಕ್ಕೆ. ಕಾರಣ, ಪರಿಣಾಮ ಎರಡನ್ನೂ ಬರೆದಾಗ ತಪ್ಪುವುದು ಕಡಿಮೆ.

ವಸ್ತು ತೇಲಿದಂತೆ ಕಾಣುವುದು ಇನ್ನೊಂದು ಸಾಮಾನ್ಯ ದೋಷ. ನೋಟ್‌ಬುಕ್ಕಿನ ಅಂಚಿಗೂ ಅದರ ನೆರಳಿಗೂ ನಡುವೆ ಕಾಗದದ ಬಿಳಿ ಗೆರೆ ಕಂಡರೆ ಅದು ಗಾಳಿಯಲ್ಲಿದೆ ಎಂದೇ ಕಣ್ಣು ಓದುತ್ತದೆ. ವಸ್ತು ಕಾಗದವನ್ನು ಮುಟ್ಟುವ ಗೆರೆಯಲ್ಲಿ ಸಣ್ಣದೊಂದು ಗಾಢ ನೆರಳು ಇರಲೇಬೇಕು, ಛಾಯಾಗ್ರಾಹಕರು ಅದನ್ನು ಕಾಂಟ್ಯಾಕ್ಟ್ ಶ್ಯಾಡೊ ಎನ್ನುತ್ತಾರೆ. `contact shadow` ಎಂದು ಸೇರಿಸಿದರೆ ವಸ್ತು ನೆಲ ಕಚ್ಚಿ ಕೂರುತ್ತದೆ. `drop shadow` ಎಂದು ಮಾತ್ರ ಬರೆಯಬೇಡಿ. ಅದು ಪೋಸ್ಟರ್ ವಿನ್ಯಾಸದಲ್ಲಿ ಅಕ್ಷರಗಳ ಹಿಂದೆ ಹಾಕುವ ಕೃತಕ ನೆರಳು. ಅದರಲ್ಲಿ ವಸ್ತು ತೇಲುವುದೇ ಉದ್ದೇಶ.

ಜೊತೆಗೆ ಯಾರು ಕೂರಬೇಕು

ಮಾರುವ ವಸ್ತುವಿನ ಜೊತೆಗೆ ಅಲಂಕಾರಕ್ಕೆ ಇಡುವ ಸಾಮಾನನ್ನು ಪ್ರಾಪ್ ಎನ್ನುತ್ತಾರೆ. ಪ್ರಾಪ್ ಇಡುವ ಮೊದಲು ಅದು ಏನನ್ನು ಹೇಳುತ್ತದೆ ಎಂದು ಕೇಳಿಕೊಳ್ಳಿ. ನೋಟ್‌ಬುಕ್ಕಿನ ಪಕ್ಕದ ಒಂದು ಪೇಪರ್ ಕ್ಲಿಪ್ಪು ಅಳತೆಯನ್ನು ಹೇಳುತ್ತದೆ, ಅದರ ಗಾತ್ರ ಎಲ್ಲರಿಗೂ ಗೊತ್ತು. ಗುಲಾಬಿ ಎಸಳು ಏನನ್ನೂ ಹೇಳುವುದಿಲ್ಲ, ಬರೀ ಜಾಗ ತಿನ್ನುತ್ತದೆ. ಒಂದು ಚಿತ್ರಕ್ಕೆ ಒಂದು ಪ್ರಾಪ್ ಸಾಕು. ಅದು ಮಾರುವ ವಸ್ತುವಿಗಿಂತ ಚಿಕ್ಕದಾಗಿ, ಮಂಕು ಬಣ್ಣದ್ದಾಗಿರಲಿ. ಎತ್ತರ 3 ಸೆಂ.ಮೀ. ಒಳಗಿರಲಿ. ಎತ್ತರದ್ದಾದರೆ ಅದರ ನೆರಳು ಉಳಿದೆಲ್ಲವನ್ನೂ ನುಂಗುತ್ತದೆ.

ಕೇಳದ ಪ್ರಾಪ್‌ಗಳು ನುಸುಳುವುದು ವಾತಾವರಣ ಹೇಳುವ ಪದಗಳಿಂದ. `cozy` ಎಂದರೆ ಕಾಫಿ ಮತ್ತು ಮೇಣದಬತ್ತಿ, `back to school` ಎಂದರೆ ಸೇಬು ಮತ್ತು ಬಣ್ಣದ ಪೆನ್ಸಿಲ್, `aesthetic` ಎಂದರೆ ಒಣಹೂವು. ನಮ್ಮ ಶಾಲೆಯ ಮಕ್ಕಳ ಚೀಲದಲ್ಲಿ ಇರುವ ಜಾಮೆಟ್ರಿ ಬಾಕ್ಸು, ಬ್ರೌನ್ ಪೇಪರಿನ ರಟ್ಟು, ಹೆಸರು ಬರೆಯುವ ಲೇಬಲ್ ಬೇಕಿದ್ದರೆ ಅವನ್ನೇ ಒಂದೊಂದಾಗಿ ಹೆಸರಿಸಬೇಕು. 'ಶಾಲೆ' ಎಂಬ ಪದವೊಂದರಿಂದ ಅವು ಬರುವುದಿಲ್ಲ.

ಬೇಡ ಎನ್ನುವುದಕ್ಕೂ ಒಂದು ಕ್ರಮವಿದೆ. ಅನೇಕ ಉಪಕರಣಗಳಲ್ಲಿ `no coffee cup` ಎಂದು ವಾಕ್ಯದೊಳಗೆ ಬರೆದರೆ 'ಇಲ್ಲ' ಎಂಬುದು ಜಾರಿಹೋಗಿ ಕಪ್ಪು ಎಂಬುದು ಉಳಿಯುತ್ತದೆ, ಚಿತ್ರದಲ್ಲಿ ಕಪ್ಪು ಬಂದೇ ಬರುತ್ತದೆ. ಸ್ಟೇಬಲ್ ಡಿಫ್ಯೂಷನ್ ಬಳಸುವ ಉಪಕರಣಗಳಲ್ಲಿ ಬೇಡದ್ದನ್ನು ಬರೆಯಲು `Negative prompt` ಎಂಬ ಬೇರೆ ಪೆಟ್ಟಿಗೆಯಿದೆ. ಮಿಡ್‌ಜರ್ನಿಯಲ್ಲಿ ಕೊನೆಗೆ `--no` ಎಂದು ಹಾಕಿ ಬೇಡದ ವಸ್ತುಗಳನ್ನು ಪಟ್ಟಿ ಮಾಡುತ್ತಾರೆ. ಮಾತುಕತೆಯ ರೂಪದ ಉಪಕರಣಗಳಲ್ಲಿ ಖಾಲಿತನವನ್ನೇ ಒಂದು ವಸ್ತುವಿನಂತೆ ಹೇಳುವುದು ಫಲ ಕೊಡುತ್ತದೆ: ಉಳಿದ ಕಾಗದವೆಲ್ಲ ಖಾಲಿ.

ಪೂರ್ತಿ ಪ್ರಾಂಪ್ಟ್ ಮತ್ತು ತಿದ್ದುವ ಕ್ರಮ

ಇಷ್ಟನ್ನೂ ಸೇರಿಸಿದರೆ ನಮ್ಮ ಕಿಟ್‌ನ ಪ್ರಾಂಪ್ಟ್ ಹೀಗಾಗುತ್ತದೆ. ಮಿಡ್‌ಜರ್ನಿಯಲ್ಲಾದರೆ ಕೊನೆಯ ಸಾಲು ಇದೇ ರೂಪದಲ್ಲಿರುತ್ತದೆ. ಬೇರೆಡೆ ಅನುಪಾತವನ್ನೂ ಬೇಡದ ಪಟ್ಟಿಯನ್ನೂ ಅವುಗಳ ಜಾಗದಲ್ಲಿ ಕೊಡಬೇಕು.

```
Knolling flat lay product photo, camera directly overhead.
One sheet of plain matte light grey paper fills the frame.
Left: closed dark green A5 notebook, blank cover.
Right, one column from top: black gel pen lying horizontally,
white power bank lying horizontally, one white cable in a round coil.
Edges parallel to the frame, wide equal gaps, wide empty margin.
One large soft light from the upper left corner of the frame,
short soft shadows to the lower right, contact shadows.
--ar 4:3 --no cup, plant, flowers, hands, text
```

ಮೊದಲ ಸಾಲು ಕ್ಯಾಮೆರಾ, ಎರಡನೆಯದು ನೆಲ. ಆಮೇಲಿನವು ವಸ್ತು ಮತ್ತು ಅದರ ಜಾಗ, ನಂತರ ಅಂತರ, ಕೊನೆಗೆ ಬೆಳಕು ಮತ್ತು ನೆರಳು. ಚಂದ, ಅದ್ಭುತ, ಅತ್ಯುತ್ತಮ ಎಂಬ ಒಂದು ಪದವೂ ಇದರಲ್ಲಿಲ್ಲ. ಅಂಥ ಪದಗಳು ನಿರ್ಧಾರವನ್ನು ಉಪಕರಣಕ್ಕೆ ಬಿಟ್ಟುಕೊಡುತ್ತವೆ.

ಮೊದಲ ಸಲಕ್ಕೇ ಎಲ್ಲ ಸರಿಯಾಗಿ ಬರುವುದು ಅಪರೂಪ. ತಿದ್ದುವಾಗ ಒಂದು ಸಲಕ್ಕೆ ಒಂದೇ ವಿಷಯವನ್ನು ಬದಲಿಸಿ, ಅದೂ ಕ್ರಮವಾಗಿ: ಮೊದಲು ಕ್ಯಾಮೆರಾ, ಆಮೇಲೆ ಜಾಗ, ಕಡೆಗೆ ನೆರಳು. ಕ್ಯಾಮೆರಾ ವಾಲಿರುವಾಗ ನೆರಳನ್ನು ತಿದ್ದಿದರೆ ಆ ಶ್ರಮ ವ್ಯರ್ಥ, ಕೋನ ಬದಲಾದೊಡನೆ ನೆರಳೂ ಬದಲಾಗುತ್ತದೆ. ಈ ಕೆಲಸಕ್ಕೆ ಸೀಡ್ ಎಂಬ ಸಂಖ್ಯೆ ನೆರವಾಗುತ್ತದೆ. ಚಿತ್ರ ಹುಟ್ಟುವುದು ಯದ್ವಾತದ್ವಾ ಚುಕ್ಕಿಗಳ ಒಂದು ಮಬ್ಬಿನಿಂದ, ಸೀಡ್ ಆ ಮೊದಲ ಮಬ್ಬನ್ನು ಗುರುತಿಸುವ ಸಂಖ್ಯೆ. ಮಿಡ್‌ಜರ್ನಿಯಲ್ಲಿ `--seed 1234` ಎಂಬಂತೆ ಕೊಟ್ಟರೆ ಪ್ರತಿ ಸಲವೂ ಅದೇ ಮಬ್ಬಿನಿಂದ ಶುರುವಾಗುತ್ತದೆ. ಹಾಗಾಗಿ ನೀವು ಬದಲಿಸಿದ ಪದದ ಪರಿಣಾಮ ಯಾವುದು ಎಂದು ಬೇರ್ಪಡಿಸಿ ನೋಡಬಹುದು.

ಎಲ್ಲ ಸರಿಯಿದ್ದು ಒಂದೇ ಒಂದು ಕ್ಲಿಪ್ಪು ಹೆಚ್ಚಾಗಿ ಬಂದಿದ್ದರೆ ಪ್ರಾಂಪ್ಟಿಗೆ ಕೈ ಹಚ್ಚಬೇಡಿ. ಚಿತ್ರದ ಆ ಭಾಗವನ್ನಷ್ಟೇ ಗುರುತು ಮಾಡಿ ಖಾಲಿ ಕಾಗದ ಎಂದು ಬರೆದು ಮರುಬಿಡಿಸುವ ಸೌಲಭ್ಯ ಹೆಚ್ಚಿನ ಉಪಕರಣಗಳಲ್ಲಿದೆ. ಗುರುತು ಮಾಡುವಾಗ ಆ ಕ್ಲಿಪ್ಪಿನ ನೆರಳನ್ನೂ ಒಳಗೆ ಸೇರಿಸಿ. ಇಲ್ಲವಾದರೆ ವಸ್ತು ಹೋಗಿ ನೆರಳು ಉಳಿಯುತ್ತದೆ, ಅಥವಾ ಆ ನೆರಳಿಗೆ ತಕ್ಕಂತೆ ಇನ್ನೊಂದು ವಸ್ತು ಹುಟ್ಟಿಕೊಳ್ಳುತ್ತದೆ.

ಬೆರಳಿಟ್ಟು ಪರೀಕ್ಷೆ

ಬಂದ ಚಿತ್ರವನ್ನು ದೊಡ್ಡದು ಮಾಡಿ, ಒಂದೊಂದೇ ವಸ್ತುವಿನ ಮೇಲೆ ಬೆರಳಿಟ್ಟು ನೋಡಬೇಕು. ಕೇಬಲಿನ ಒಂದು ತುದಿಯಿಂದ ಶುರುಮಾಡಿ ಸುರುಳಿಯ ಉದ್ದಕ್ಕೂ ಬೆರಳು ಹರಿಸಿ. ಎರಡೇ ತುದಿ ಇರಬೇಕು. ಮೂರನೆಯದು ಕಾಣಿಸಿಕೊಳ್ಳುವುದೋ, ಕೇಬಲ್ ನಡುವೆ ಕರಗಿಹೋಗುವುದೋ ಮಾಮೂಲಿ ದೋಷ. ಪವರ್ ಬ್ಯಾಂಕಿನ ಕಿಂಡಿಗಳನ್ನು ನಿಜವಾದ ವಸ್ತುವಿನ ಜೊತೆ ಹೋಲಿಸಿ. ಪೆನ್ನಿನ ಉದ್ದ ನೋಟ್‌ಬುಕ್ಕಿನ ಉದ್ದದ ಮೂರನೇ ಎರಡು ಭಾಗದಷ್ಟಿದೆಯೇ ನೋಡಿ, 14 ಮತ್ತು 21ರ ಅನುಪಾತ ಅದು. ಸ್ಕೇಲ್ ಇದ್ದರೆ ಗೆರೆಗಳನ್ನು ಎಣಿಸಿ, ಸುರುಳಿ ಬೈಂಡಿಂಗ್ ಇದ್ದರೆ ಪ್ರತಿ ತಂತಿಯೂ ಒಂದು ತೂತಿಗೆ ಹೋಗಿದೆಯೇ ಗಮನಿಸಿ.

ನೆರಳಿನ ಪರೀಕ್ಷೆ ಎರಡು ಹಂತದ್ದು. ಮೊದಲನೆಯದು ದಿಕ್ಕು: ಎಲ್ಲ ನೆರಳುಗಳೂ ಬಲ ಕೆಳಭಾಗಕ್ಕೇ ಬಿದ್ದಿರಬೇಕು. ಎರಡನೆಯದು ಅಳತೆ: ಬೆಳಕು ಒಂದೇ ಆದ ಮೇಲೆ ದಪ್ಪ ವಸ್ತುವಿನ ನೆರಳು ಅಗಲ, ತೆಳು ವಸ್ತುವಿನದು ಕಿರಿದು. 1.5 ಸೆಂ.ಮೀ. ದಪ್ಪದ ನೋಟ್‌ಬುಕ್ಕಿಗೂ ಅರ್ಧ ಸೆಂ.ಮೀ. ಸಹ ಇಲ್ಲದ ಕೇಬಲಿಗೂ ಒಂದೇ ಅಗಲದ ನೆರಳಿದ್ದರೆ ಅದು ಸುಳ್ಳು ಚಿತ್ರ. ಕಾರಣ ಹೇಳಲು ಬಾರದಿದ್ದರೂ ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ.

ರಟ್ಟಿನ ಮೇಲಿನ ಬರಹವನ್ನು ಉಪಕರಣದಿಂದ ಬರೆಸದಿರುವುದೇ ಲೇಸು. ಕನ್ನಡದ ಒತ್ತಕ್ಷರಗಳು ಅದರ ಕೈಯಲ್ಲಿ ಸುಲಭವಾಗಿ ಮುರಿಯುತ್ತವೆ. ರಟ್ಟು ಖಾಲಿ ಇರಲಿ ಎಂದು ಕೇಳಿ, ಅಕ್ಷರವನ್ನು ಆಮೇಲೆ ವಿನ್ಯಾಸದ ತಂತ್ರಾಂಶದಲ್ಲಿ ಒಳ್ಳೆಯ ಕನ್ನಡ ಫಾಂಟಿನಿಂದ ಕೂರಿಸಿ.

ಮಾರುವ ವಸ್ತುವನ್ನು ಮಾತ್ರ ಫೋಟೊ ತೆಗೆಯಿರಿ

ಇಷ್ಟೆಲ್ಲ ಮಾಡಿದರೂ ಚಿತ್ರದಲ್ಲಿರುವ ನೋಟ್‌ಬುಕ್ ನಿಮ್ಮ ನೋಟ್‌ಬುಕ್ ಅಲ್ಲ, ಅದರಂತೆ ಕಾಣುವ ಇನ್ನೊಂದು. ಹೊಲಿಗೆಯ ಬಣ್ಣ, ಕಿಂಡಿಗಳ ಸಂಖ್ಯೆ, ಹಸಿರಿನ ಛಾಯೆ ಸ್ವಲ್ಪ ಬೇರೆಯಾದರೂ ಕೊಂಡವರಿಗೆ ಮೋಸವಾಗುತ್ತದೆ. ಭಾರತದ 2020ರ ಇ-ವಾಣಿಜ್ಯ ನಿಯಮಗಳು ಜಾಹೀರಾತು ವಸ್ತುವಿನ ನಿಜವಾದ ಲಕ್ಷಣಗಳಿಗೆ ಹೊಂದಿರಬೇಕು ಎನ್ನುತ್ತವೆ. ಅಮೆಜಾನ್‌ನಂಥ ತಾಣದಲ್ಲಿ ಮುಖ್ಯ ಚಿತ್ರ ಅಪ್ಪಟ ಬಿಳಿ ಹಿನ್ನೆಲೆಯಲ್ಲಿರಬೇಕು, ವಸ್ತು ಚೌಕಟ್ಟಿನ ಶೇ. 85ರಷ್ಟನ್ನು ತುಂಬಬೇಕು, ಮಾರಾಟಕ್ಕಿಲ್ಲದ ಪ್ರಾಪ್ ಇರಬಾರದು. ಹೀಗಾಗಿ ಅಲಂಕರಿಸಿದ ಫ್ಲ್ಯಾಟ್ ಲೇಗೆ ಜಾಗ ಎರಡನೆಯ ಚಿತ್ರದಿಂದ ಮುಂದೆ.

ಅದಕ್ಕೆ ನನಗೆ ಸರಿ ಅನ್ನಿಸುವ ದಾರಿ ಇದು: ಕಾಗದ, ಬೆಳಕು, ಪ್ರಾಪ್, ಖಾಲಿ ಜಾಗ ಇಷ್ಟನ್ನು ಪ್ರಾಂಪ್ಟಿನಿಂದ ಮಾಡಿಸಿಕೊಳ್ಳಿ. ಮಾರುವ ವಸ್ತುಗಳ ಫೋಟೊವನ್ನು ನೀವೇ ತೆಗೆದು ಅದರೊಳಗೆ ಕೂರಿಸಿ. ಕಿಟಕಿ ನಿಮ್ಮ ಎಡ ಮುಂಭಾಗಕ್ಕೆ ಬರುವಂತೆ ಕಾಗದ ಹಾಸಿದರೆ ಬೆಳಕು ಪ್ರಾಂಪ್ಟಿನಲ್ಲಿ ಬರೆದ ಎಡ ಮೇಲ್ಮೂಲೆಯಿಂದಲೇ ಬೀಳುತ್ತದೆ. ಫೋನಿನ ಕ್ಯಾಮೆರಾದಲ್ಲಿ ಗ್ರಿಡ್ ಗೆರೆಗಳನ್ನು ಆನ್ ಮಾಡಿ. ಹಲವು ಫೋನುಗಳಲ್ಲಿ ಕೆಳಮುಖವಾಗಿ ಹಿಡಿದಾಗ ಎರಡು ಕೂಡು ಗುರುತುಗಳು ಕಾಣುತ್ತವೆ, ಅವು ಒಂದಾದಾಗ ಫೋನ್ ನೆಲಕ್ಕೆ ಸಮವಾಗಿದೆ ಎಂದರ್ಥ. ತೀರ ಹತ್ತಿರ ಹೋದರೆ ಅಂಚುಗಳು ಬಾಗುತ್ತವೆ, ಆದ್ದರಿಂದ ಸುಮಾರು ಒಂದು ಮೀಟರ್ ಎತ್ತರದಿಂದ 2 ಪಟ್ಟು ಝೂಮ್ ಮಾಡಿ ತೆಗೆಯಿರಿ. ನೋಟ್‌ಬುಕ್ಕನ್ನು ಕತ್ತರಿಸಿ ಕೂರಿಸಿದ ಮೇಲೆ ಅದಕ್ಕೆ ಹಾಕುವ ನೆರಳು ಪ್ರಾಪ್‌ನ ನೆರಳಿನ ದಿಕ್ಕಿಗೇ ಬೀಳಲಿ, ಅಷ್ಟೇ ಮೆದುವಾಗಿರಲಿ, ಅಗಲ ಅದರ ದಪ್ಪಕ್ಕೆ ತಕ್ಕಂತಿರಲಿ. ಹೀಗೆ ಮಾಡಿದ ಚಿತ್ರದಲ್ಲಿ ಕೊಳ್ಳುವವರು ನೋಡುವ ನೋಟ್‌ಬುಕ್ಕೂ ಪೊಟ್ಟಣ ಬಿಚ್ಚಿದಾಗ ಅವರ ಕೈಗೆ ಸಿಗುವ ನೋಟ್‌ಬುಕ್ಕೂ ಒಂದೇ ಆಗಿರುತ್ತದೆ.